ಬಟ್ಟೆ ಒಗೆಯುವ ಜಗಳ, ಮುರಿಯುತ್ತಿರುವ ಮದುವೆ: ಒಳಮಾತಿನ ಸಂಭಾಷಣೆ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಒಳಮಾತು ಅಂದರೆ ಏನು? ವ್ಯಂಗ್ಯವಾಗಿ ಮಾತಾಡುವುದೇ?

ಅಲ್ಲ. ವ್ಯಂಗ್ಯದಲ್ಲಿ ಆಡುವವರಿಗೂ ಕೇಳುವವರಿಗೂ ನಿಜವಾದ ಅರ್ಥ ತಿಳಿದಿರುತ್ತದೆ, ತಿಳಿಯಲಿ ಎಂದೇ ಆಡುವುದು. ಒಳಮಾತು ಹಾಗಲ್ಲ. ಪಾತ್ರ ನಿಜಕ್ಕೂ ಬಟ್ಟೆಯ ಬಗ್ಗೆಯೇ ಮಾತಾಡುತ್ತಿರುತ್ತದೆ. ಆದರೆ ಅಷ್ಟು ಸಣ್ಣ ವಿಷಯಕ್ಕೆ ಅಷ್ಟು ಹಟ ಯಾಕೆ ಎಂದು ಓದುಗರು ಕೇಳಿಕೊಂಡಾಗ ಅಡಿಯಲ್ಲಿ ಹರಿಯುವ ಇನ್ನೊಂದು ಮಾತು ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಸಬ್‌ಟೆಕ್ಸ್ಟ್ ಎನ್ನುವ ಈ ಕಲ್ಪನೆ ಬಳಕೆಗೆ ಬಂದದ್ದು ಮುಖ್ಯವಾಗಿ ರಂಗಭೂಮಿಯಿಂದ. ಮಾಸ್ಕೋದ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ನಟರನ್ನು ತಯಾರು ಮಾಡುವಾಗ, ಸಾಲಿನ ಅಡಿಯಲ್ಲಿ ಪಾತ್ರಕ್ಕೆ ಏನು ಬೇಕಾಗಿದೆ ಎಂದು ಹುಡುಕಲು ಇದನ್ನು ಬಳಸಿದರು. ಬರೆಯುವವರಿಗೂ ಇದೇ ಸಲೀಸಾದ ದಾರಿ. ‘ಈ ಸಾಲಿನ ಗೂಢಾರ್ಥವೇನು’ ಎಂದು ಕೇಳಿಕೊಳ್ಳಬೇಡಿ. ‘ಈ ಸಾಲು ಆಡಿ ಇವಳು ಏನು ಪಡೆಯಲು ನೋಡುತ್ತಿದ್ದಾಳೆ’ ಎಂದು ಕೇಳಿಕೊಳ್ಳಿ.

ಬರೆಯಲು ಕೂರುವ ಮುನ್ನ ಏನೇನು ತೀರ್ಮಾನಿಸಿಕೊಂಡಿರಬೇಕು?

ಪ್ರತಿ ಪಾತ್ರಕ್ಕೂ ಒಂದೊಂದು ವಾಕ್ಯ ಬರೆದಿಟ್ಟುಕೊಳ್ಳಿ: ಈ ದೃಶ್ಯದಲ್ಲಿ ಅವರು ಬಾಯಿಬಿಟ್ಟು ಹೇಳಲಾರದ ವಾಕ್ಯ. ಅದು ಭಾವನೆಯ ಹೆಸರಾಗಿರಬಾರದು. ‘ಅವಳಿಗೆ ಬೇಸರವಾಗಿದೆ’ ಎಂದು ಬರೆದುಕೊಂಡರೆ ದೃಶ್ಯ ಮುಂದೆ ಸಾಗುವುದಿಲ್ಲ. ‘ಬರುವ ತಿಂಗಳು ನಾನು ಈ ಮನೆಯಲ್ಲಿರುವುದಿಲ್ಲ’ ಎಂದು ಬರೆದುಕೊಂಡರೆ ಪ್ರತಿ ಸಾಲಿಗೂ ಒಂದು ದಿಕ್ಕು ಸಿಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಮತ್ತು ಹೆಚ್ಚಿನ ಕರಡುಗಳಲ್ಲಿ ಕಾಣದೇ ಇರುವುದು, ಆ ವಾಕ್ಯವನ್ನು ಇವತ್ತು, ಇಲ್ಲಿ ಯಾಕೆ ಹೇಳಲಾಗದು ಎಂಬ ಕಾರಣ. ಕಾರಣವಿಲ್ಲದೆ ಮಾತು ಮುಚ್ಚಿಟ್ಟರೆ ಮುಚ್ಚಿಡುತ್ತಿರುವುದು ಪಾತ್ರವಲ್ಲ, ಬರೆಯುವವರು ಎಂದು ಓದುಗರಿಗೆ ಅನಿಸುತ್ತದೆ. ಪಕ್ಕದ ಕೋಣೆಯಲ್ಲಿ ಮಗು ಎಚ್ಚರವಾಗಿರುವುದು ಒಂದು ಕಾರಣ. ಮೊದಲು ಬಾಯಿಬಿಟ್ಟವರೇ ಮನೆ ಮುರಿದವರಾಗುತ್ತಾರೆ ಎಂಬ ಭಯ ಇನ್ನೊಂದು, ಇದು ಬಹಳ ಗಟ್ಟಿಯಾದದ್ದು. ಯಾಕೆಂದರೆ ಇಬ್ಬರಿಗೂ ಇದೇ ಭಯವಿದ್ದಾಗ ಎದುರಿನವರ ಬಾಯಿಂದಲೇ ಆ ಮಾತು ಹೊರಡಿಸಲು ಇಬ್ಬರೂ ಹೊಂಚುತ್ತಾರೆ. ಆಗ ಜಗಳಕ್ಕೆ ಆಟದ ಗುಣ ಬರುತ್ತದೆ.

ಮನೆಗೆಲಸಗಳಲ್ಲಿ ಯಾವುದನ್ನು ಆರಿಸಬೇಕು? ಯಾವುದಾದರೂ ನಡೆಯುತ್ತದೆಯೇ?

ಯಾವುದನ್ನಾದರೂ ಹಿಡಿದುಕೊಂಡು ಹೊರಟವರು ನಾಲ್ಕನೇ ಸಾಲಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕೆಲಸಕ್ಕೂ ಮದುವೆಯ ಬಿರುಕಿಗೂ ಒಂದೇ ಆಕಾರ ಇರಬೇಕು. ದಂಪತಿಯ ಸಮಸ್ಯೆ ‘ನಾನಿದ್ದೇನೆ ಎಂಬುದೇ ನಿನಗೆ ಕಾಣುವುದಿಲ್ಲ’ ಎಂದಾದರೆ, ಆಗದೇ ಹೋದ ದಿನ ಮಾತ್ರ ಕಣ್ಣಿಗೆ ಬೀಳುವಂಥ ಕೆಲಸ ಒಪ್ಪುತ್ತದೆ: ಕಸ ಹೊರಗಿಡುವುದು, ನೀರು ತುಂಬಿಸಿಡುವುದು. ‘ನಿನ್ನ ಮೇಲೆ ನಂಬಿಕೆಯಿಲ್ಲ’ ಎಂದಾದರೆ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮತ್ತೆ ಮಾಡುವ ಕೆಲಸ ಒಪ್ಪುತ್ತದೆ: ಬಾಗಿಲ ಚಿಲಕ ನೋಡಿಬರುವುದು, ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುವುದು. ಇಬ್ಬರೂ ಬೇರೆಯಾಗುತ್ತಿದ್ದಾರೆ ಎಂದಾದರೆ ಬಟ್ಟೆ ಒಗೆಯುವುದಕ್ಕಿಂತ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಇಬ್ಬರ ಬಟ್ಟೆಯೂ ಒಂದೇ ನೀರಿನಲ್ಲಿ ಬೀಳುತ್ತದೆ, ಅದನ್ನು ಬೇರೆ ಮಾಡಲೂ ಬರುತ್ತದೆ, ಬೇರೆ ಮಾಡಿದ್ದಕ್ಕೆ ಬಣ್ಣ ಬಿಡುತ್ತದೆ ಎಂಬಂಥ ಸಾಚಾ ನೆಪವೂ ಇರುತ್ತದೆ.

ಆ ನೆಪದ ಮೇಲೆ ಕಣ್ಣಿಡಿ. ಮೇಲಿನ ಜಗಳ ತನ್ನಷ್ಟಕ್ಕೆ ನಿಲ್ಲಬೇಕು, ಅದರಲ್ಲಿ ಇಬ್ಬರಿಗೂ ಒಂದಿಷ್ಟು ನ್ಯಾಯ ಇರಬೇಕು. ಒಬ್ಬರದ್ದು ಶುದ್ಧ ಸೋಮಾರಿತನವಾದರೆ ಓದುಗರು ತಕ್ಷಣ ತೀರ್ಪು ಕೊಟ್ಟುಬಿಡುತ್ತಾರೆ, ಅಡಿಯಲ್ಲಿ ಏನಿದೆ ಎಂದು ನೋಡುವುದಿಲ್ಲ.

ಒಂದು ದೃಶ್ಯವನ್ನು ಮೊದಲಿಂದ ಕೊನೆಯವರೆಗೆ ಕಟ್ಟಿ ತೋರಿಸಬಹುದೇ?

ವಸುಧಾ ಮತ್ತು ಮುರಳಿ ಎಂದಿಟ್ಟುಕೊಳ್ಳೋಣ. 3 ವಾರದಿಂದ ಅವಳು ತನ್ನ ಮತ್ತು ಮಗಳ ಬಟ್ಟೆ ಮಾತ್ರ ಮಷಿನ್ನಿಗೆ ಹಾಕುತ್ತಿದ್ದಾಳೆ. ಅವಳು ಹೇಳಲಾರದ ವಾಕ್ಯ: ‘ನಾನು ಹೊರಟಾಗಿದೆ.’ ಅವನು ಕೇಳಲಾರದ ವಾಕ್ಯ: ‘ಹೋಗ್ತೀಯಾ?’ ಹೇಳದಿರಲು ಕಾರಣ: ಪಕ್ಕದ ಕೋಣೆಯಲ್ಲಿ ಮಗಳಿದ್ದಾಳೆ, ಜೊತೆಗೆ ಮೊದಲು ಹೇಳಿದವರ ತಲೆಗೇ ಅಪವಾದ.

ಮೊದಲು ಬೆತ್ತಲೆ ಕರಡು ಬರೆಯಿರಿ. ಇದು ತಪ್ಪಲ್ಲ, ಬೇಕೇಬೇಕಾದ ಹಂತ. ಎಲ್ಲವನ್ನೂ ಹೇಳಿಸಿಬಿಡಿ:

“ನನ್ನ ಬಟ್ಟೆ ಬೇರೆ ಇಡ್ತಿದ್ದೀಯ. ನನ್ನನ್ನ ಬಿಟ್ಟು ಹೋಗೋ ಯೋಚನೆ ಇದೆಯಾ?”
“ಎಷ್ಟೋ ವರ್ಷದಿಂದ ನನ್ನ ನೋವು ನಿನಗೆ ಕಾಣ್ಲೇ ಇಲ್ಲ. ಈಗ ಕೇಳ್ತಿದ್ದೀಯ.”
“ಇನ್ನೊಂದು ಅವಕಾಶ ಕೊಡು.”
“ತಡವಾಯ್ತು. ನಾನಿಲ್ಲದೆ ಇರೋದು ಕಲಿ.”

ಈಗ ಪ್ರತಿ ಸಾಲಿನ ಎದುರು, ಕೋಣೆಯಲ್ಲಿ ಕೈಗೆ ಸಿಗುವ ಯಾವ ವಸ್ತು ಇದೇ ಮಾತನ್ನು ಹೊರಬಲ್ಲದು ಎಂದು ಬರೆಯಿರಿ. ‘ಬೇರೆ ಇಡ್ತಿದ್ದೀಯ’ ಎಂಬುದಕ್ಕೆ ಅರ್ಧ ಖಾಲಿಯಿರುವ ಮಷಿನ್. ‘ಕಾಣ್ಲೇ ಇಲ್ಲ’ ಎಂಬುದಕ್ಕೆ ಬಣ್ಣ ಬಿಟ್ಟ ಶರ್ಟ್. ‘ಅವಕಾಶ ಕೊಡು’ ಎಂಬುದಕ್ಕೆ ಒಂದೇ ಒಂದು ಶರ್ಟ್ ಹಾಕಲು ಅನುಮತಿ. ‘ನಾನಿಲ್ಲದೆ ಇರೋದು ಕಲಿ’ ಎಂಬುದಕ್ಕೆ ಮಷಿನ್ ಓಡಿಸುವುದನ್ನು ಹೇಳಿಕೊಡುವುದು. ಈ ಪಟ್ಟಿ ಕೈಯಲ್ಲಿಟ್ಟುಕೊಂಡು, ಮೊದಲ ಕರಡನ್ನು ಮತ್ತೆ ನೋಡದೆ ಹೊಸದಾಗಿ ಬರೆಯಿರಿ:

“ಮಷಿನ್ ಅರ್ಧಾನೂ ತುಂಬಿಲ್ಲ,” ಅಂದ ಮುರಳಿ.
“ಅಷ್ಟೇ ಇದ್ದಿದ್ದು.”
“ಬುಟ್ಟೀಲಿ ನನ್ನ ಶರ್ಟುಗಳಿವೆ.”
“ಇವೆ.”
ಅವಳು ಸೋಪಿನ ಪುಡಿಯನ್ನು ಚಮಚಕ್ಕೆ ತುಂಬಿ, ಅರ್ಧದಷ್ಟನ್ನು ಮತ್ತೆ ಡಬ್ಬಿಗೇ ಸುರಿದಳು.
“ಎರಡೆರಡು ಸಲ ಓಡಿಸಿದ್ರೆ ನೀರೂ ದಂಡ, ಕರೆಂಟೂ ದಂಡ.”
“ಸ್ವಲ್ಪ ಬಟ್ಟೆಗೆ ಬೇರೆ ಬಟನ್ ಇದೆ. ಅರ್ಧ ಗಂಟೆ ಸಾಕು.”
“ಯಾವಾಗಿಂದ ಗೊತ್ತು ನಿನಗೆ?”
“ಮೂರು ವಾರ ಆಯ್ತು.”
ಅವನು ಬುಟ್ಟಿಯಿಂದ ಒಂದು ಶರ್ಟ್ ಎತ್ತಿ ಮಷಿನ್ನಿನ ಮೇಲೆ ಹಿಡಿದ.
“ಇದೊಂದು ಹಾಕ್ಲಾ?”
“ಬಣ್ಣ ಬಿಡುತ್ತೆ ಅದು.”
“ಇಷ್ಟು ವರ್ಷ ಬಿಟ್ಟಿಲ್ಲ.”
“ಬಿಟ್ಟಿದೆ. ನೋಡಿಲ್ಲ ನೀನು.”
ಪಕ್ಕದ ಕೋಣೆಯಲ್ಲಿ ಮಗಳು ಕುರ್ಚಿ ಎಳೆದ ಸದ್ದು. ಇಬ್ಬರೂ ಸುಮ್ಮನಾದರು.
“ಆ ಬಟನ್ ಯಾವುದು, ತೋರಿಸು,” ಅಂದ, ದನಿ ತಗ್ಗಿಸಿ.
“ಎಡಗಡೆಯಿಂದ ಮೂರನೇದು. ಪುಡಿ ಅರ್ಧ ಚಮಚ. ಬಿಳೀದು ಬೇರೆ ಹಾಕ್ಕೋ.”
“ಇಷ್ಟೆಲ್ಲಾ ಯಾಕೆ ಹೇಳ್ತಿದ್ದೀಯ?”
“ಕೇಳಿದ್ದು ನೀನೇ.”
ಅವಳು ಮುಚ್ಚಳ ಹಾಕಿದಳು. ಶರ್ಟ್ ಅವನ ಕೈಯಲ್ಲೇ ಉಳಿಯಿತು.

ಇಲ್ಲಿ ಅತಿ ಕ್ರೂರವಾದ ಸಾಲು ‘ಇವೆ’. ಅವನು ಪ್ರಶ್ನೆ ಕೇಳಿಲ್ಲ, ಸುಮ್ಮನೆ ಒಂದು ಸಂಗತಿ ಹೇಳಿದ್ದಾನೆ. ‘ಹಾಕು’ ಎಂದು ಅದರೊಳಗಿರುವ ಕೋರಿಕೆ ಅವಳಿಗೆ ಕೇಳಿಸಿದೆ. ಅವಳು ಸಂಗತಿಯನ್ನು ಒಪ್ಪಿಕೊಂಡು ಕೋರಿಕೆಯನ್ನು ಹಾಗೇ ಬಿಟ್ಟಳು. ‘ಮೂರು ವಾರ’ ಎಂಬಲ್ಲಿ ಅವನು ಕೇಳಿದ್ದು ಬಟನ್ನಿನ ಬಗ್ಗೆ, ಅವಳು ಹೇಳಿದ್ದೂ ಬಟನ್ನಿನ ಬಗ್ಗೆಯೇ. ಆದರೆ ತೀರ್ಮಾನಕ್ಕೆ ಎಷ್ಟು ದಿನವಾಯಿತು ಎಂದು ಅವನಿಗೆ ಈಗ ತಿಳಿಯಿತು. ದೃಶ್ಯ ತಿರುಗುವುದು ‘ತೋರಿಸು’ ಎಂಬಲ್ಲಿ: ಜಗಳವಾಡುತ್ತಿದ್ದವನು ಸೋತು ಕಲಿಯಲು ಒಪ್ಪಿದ. ಮೇಲ್ನೋಟಕ್ಕೆ ಇದು ರಾಜಿ, ಅಡಿಯಲ್ಲಿ ಅವಳಿಲ್ಲದ ಬದುಕಿಗೆ ಕೊಟ್ಟ ಮೊದಲ ಒಪ್ಪಿಗೆ. ಅದು ಹೊಳೆದ ಕೂಡಲೇ ಅವನಿಂದ ‘ಇಷ್ಟೆಲ್ಲಾ ಯಾಕೆ’ ಹೊರಡುತ್ತದೆ.

ಶರ್ಟು ನಿಜವಾಗಿಯೂ ಬಣ್ಣ ಬಿಡುವಂಥದ್ದೇ ಆಗಿರಬೇಕು. ಅಲ್ಲದಿದ್ದರೆ ಅವಳು ಸುಳ್ಳು ಹೇಳಿದಂತಾಗುತ್ತದೆ, ಮೇಲಿನ ಜಗಳ ಕುಸಿಯುತ್ತದೆ.

ಒಳಮಾತು ಇದೆ ಅಂದುಕೊಂಡೇ ಬರೆದೆ, ಓದಿದವರು ‘ಕೃತಕವಾಗಿದೆ’ ಅಂದರು. ಏನು ತಪ್ಪಾಗಿರಬಹುದು?

ಬಹುಪಾಲು ಇದು ಜಾಣ ಸಾಲುಗಳ ಕಾಟ. “ಕೆಲವು ಕಲೆ ಎಷ್ಟು ತಿಕ್ಕಿದ್ರೂ ಹೋಗಲ್ಲ,” ಎನ್ನುತ್ತಾಳೆ ಹೆಂಡತಿ, ಕಿಟಕಿಯಾಚೆ ನೋಡುತ್ತಾ. ಇದು ಪಾತ್ರ ಆಡಿದ ಮಾತಲ್ಲ, ಬರೆಯುವವರು ಓದುಗರಿಗೆ ಹೊಡೆದ ಕಣ್ಣು. ಪರೀಕ್ಷೆ ಸುಲಭ: ತಾನಾಡಿದ ಮಾತಿನ ಎರಡನೇ ಅರ್ಥ ಪಾತ್ರಕ್ಕೆ ಆಡುವ ಕ್ಷಣದಲ್ಲೇ ಕೇಳಿಸುತ್ತಿದ್ದರೆ ಅದು ಆ ಸಾಲನ್ನು ಆಡುತ್ತಿತ್ತೇ? ಏನನ್ನೋ ಮುಚ್ಚಿಡುತ್ತಿರುವವಳು ಅಷ್ಟು ಢಾಳಾಗಿ ಆಡುವುದಿಲ್ಲ. ‘ಕೆಲವು’, ‘ಎಲ್ಲವೂ’, ‘ಯಾವಾಗಲೂ’ ಎಂದು ಸಾರ್ವತ್ರಿಕ ಸತ್ಯಕ್ಕೆ ಏರುವ ಸಾಲು ಕಂಡರೆ ಹೊಡೆದು ಹಾಕಿ. ‘ಈ ಕಾಲರಿನ ಕಲೆ ಹೋಗಿಲ್ಲ’ ಎಂದರೆ ಸಾಕು. ಒಂದು ಕಾಲರು, ಒಂದು ಕಲೆ.

ಇನ್ನೊಂದು ಕಾರಣ, ಕೇಳಿದ ಪ್ರಶ್ನೆಗೆಲ್ಲ ನೇರ ಉತ್ತರ ಬರುತ್ತಿರುವುದು. ಕರಡಿನಲ್ಲಿರುವ ಪ್ರಶ್ನೆಗಳಿಗೆಲ್ಲ ಗೆರೆ ಎಳೆದು, ಕೆಳಗಿನ ಉತ್ತರ ನೋಡಿ. ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ಕೇಳಿದ್ದೇ ಸಿಕ್ಕಿದ್ದರೆ ಅದು ವಿಚಾರಣೆ, ಜಗಳವಲ್ಲ. ಉತ್ತರವನ್ನು ಪಕ್ಕಕ್ಕೆ ಸರಿಸಿ, ಅಥವಾ ಉತ್ತರದ ಜಾಗದಲ್ಲಿ ಕೈಗೊಂದು ಕೆಲಸ ಕೊಡಿ.

ಕನ್ನಡದಲ್ಲಿ ಇದಕ್ಕೆ ಯಾವ ಅನುಕೂಲಗಳಿವೆ?

ಬೇಕಾದಷ್ಟಿವೆ, ಆದರೆ ಬೇರೆ ಭಾಷೆಯ ಸಂಭಾಷಣೆಯ ಜಾಡು ಹಿಡಿದವರ ಕಣ್ಣಿಗೆ ಬೀಳುವುದಿಲ್ಲ. ನಮ್ಮ ನಿಷೇಧ ರೂಪವನ್ನೇ ನೋಡಿ. ‘ತೆಗೆದೆ’, ‘ತೆಗೆದ’, ‘ತೆಗೆದಳು’ ಎಂದರೆ ಯಾರು ಎಂಬುದು ಕ್ರಿಯಾಪದದಲ್ಲೇ ಇದೆ. ‘ತೆಗೆದಿಲ್ಲ’ ಎಂದರೆ? ನಾನೋ, ನೀನೋ, ಅವಳೋ, ಏನೂ ತಿಳಿಯದು. ಹೀಗಾಗಿ ‘ಬಟ್ಟೆ ಇನ್ನೂ ತೆಗೆದಿಲ್ಲ’ ಎಂಬ ಸಾಲು ಯಾರನ್ನೂ ಹೆಸರಿಸದೆ ದೂರುತ್ತದೆ, ಎದುರಿನವರು ಅದನ್ನು ಮೈಮೇಲೆ ಎಳೆದುಕೊಳ್ಳಬಹುದು ಅಥವಾ ಕೇಳಿಸದಂತಿರಬಹುದು. ಅಂಥ ನಾಲ್ಕು ಸಾಲುಗಳ ನಂತರ ಒಮ್ಮೆ ‘ನೋಡಿಲ್ಲ ನೀನು’ ಎಂದು ಕರ್ತೃವನ್ನು ಬಾಲಕ್ಕೆ ಕಟ್ಟಿ ಆಡಿಸಿ. ಪೆಟ್ಟು ಬೀಳುತ್ತದೆ. ಪ್ರತಿ ವಾಕ್ಯವನ್ನೂ ‘ನೀನು’ ಎಂದೇ ಶುರು ಮಾಡಿದರೆ ಆ ಪೆಟ್ಟು ಕೈತಪ್ಪುತ್ತದೆ.

‘ಹಾಕು’ ಮತ್ತು ‘ಹಾಕ್ಕೋ’ ನಡುವಿನ ದೂರವನ್ನೂ ಗಮನಿಸಿ. ‘ಬಿಳೀದು ಬೇರೆ ಹಾಕು’ ಎಂದರೆ ಮನೆಯ ಕೆಲಸ ಹಂಚಿಕೊಂಡಂತೆ. ‘ಹಾಕ್ಕೋ’ ಎಂದ ಕ್ಷಣ ಅದು ನಿನ್ನ ಪಾಡು, ನೀನೇ ನೋಡಿಕೋ ಎಂದಾಯಿತು. ಮೇಲಿನ ದೃಶ್ಯದ ಭಾರವೆಲ್ಲ ಆ ಒಂದು ‘ಕೋ’ದಲ್ಲಿದೆ. ಹಾಗೆಯೇ ‘ನಾನು ಒಗೆದೆ’ ವರದಿ, ‘ನಾನೇ ಒಗೆದೆ’ ದೂರು. ಇನ್ನು, ಒಬ್ಬರೇ ಮಾತಾಡುವಾಗಲೂ ‘ನಮ್ಮ ಮನೆ’ ಎನ್ನುವುದು ನಮ್ಮ ರೂಢಿ, ಆದ್ದರಿಂದ ‘ನಿನ್ನ ಮನೆ’ ಎಂದರೆ ಸಾಕು, ಬೇರೆ ವಿವರಣೆ ಬೇಡ.

ಏಕವಚನದಲ್ಲಿ ಮಾತಾಡಿಕೊಳ್ಳುವ ದಂಪತಿಯಲ್ಲಿ ಒಬ್ಬರು ಇದ್ದಕ್ಕಿದ್ದಂತೆ ‘ನೀವು’ಗೆ ಹೊರಳುವುದು ಬಲವಾದ ಅಸ್ತ್ರ. ಇಡೀ ಕಥೆಯಲ್ಲಿ ಒಮ್ಮೆ ಬಳಸಿದರೆ ಸಾಕು.

ದನಿ ಎಷ್ಟು ಏರಬೇಕು? ಮದುವೆ ಮುರಿಯುತ್ತಿದೆ ಅಂದಮೇಲೆ ಕೂಗಾಟ ಬೇಡವೇ?

ಕೂಗಾಡುವವರಿಗೆ ಇನ್ನೂ ಆಸೆ ಇದೆ ಎಂದರ್ಥ. ದಂಪತಿಗಳ ಜಗಳವನ್ನು ದಶಕಗಳ ಕಾಲ ಗಮನಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ನಾಲ್ಕು ಕೆಟ್ಟ ಲಕ್ಷಣಗಳನ್ನು ಹೆಸರಿಸುತ್ತಾರೆ: ತಪ್ಪನ್ನು ಬಿಟ್ಟು ಸ್ವಭಾವವನ್ನೇ ದೂರುವುದು, ತಾತ್ಸಾರ, ಮಾತೆತ್ತಿದರೆ ಸಮರ್ಥನೆ, ಕಲ್ಲಿನಂತೆ ಸುಮ್ಮನಾಗಿಬಿಡುವುದು. ಅವುಗಳಲ್ಲಿ ತಾತ್ಸಾರವೇ ಅತಿ ಕೆಟ್ಟದ್ದು ಎನ್ನುತ್ತಾರೆ. ಸಣ್ಣಪುಟ್ಟ ಮಾತಿನಲ್ಲಿ ಒಬ್ಬರು ಇನ್ನೊಬ್ಬರ ಗಮನಕ್ಕೆ ಕೈಚಾಚುವುದನ್ನೂ, ಎದುರಿನವರು ಅದಕ್ಕೆ ಮುಖ ಕೊಡುವುದು ಅಥವಾ ತಿರುಗಿಸುವುದನ್ನೂ ಅವರು ಲೆಕ್ಕ ಹಾಕಿದರು. ಬರೆಯುವವರಿಗೆ ಬಹಳ ಉಪಯೋಗಕ್ಕೆ ಬರುವುದು ಈ ಕೊನೆಯದು. ‘ಇದೊಂದು ಹಾಕ್ಲಾ?’ ಅಂಥದೊಂದು ಕೈಚಾಚು. ಇಂಥ ಎರಡು ಅಥವಾ ಮೂರನ್ನು ದೃಶ್ಯದಲ್ಲಿಟ್ಟು, ಪ್ರತಿಯೊಂದನ್ನೂ ಬೇರೆ ಬೇರೆ ರೀತಿಯಲ್ಲಿ ಹುಸಿ ಹೋಗಿಸಿ. ಒಂದಾದರೂ ಹುಸಿ ಹೋಗುವ ಮುನ್ನ ಒಂದು ಕ್ಷಣ ಫಲಿಸುವಂತೆ ಕಾಣಲಿ. ಮಗಳ ಕುರ್ಚಿಯ ಸದ್ದಿಗೆ ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರಲ್ಲ, ಆ ಒಂದು ಕ್ಷಣ ಅವರು ಮತ್ತೆ ಒಂದೇ ಕಡೆಯವರು.

ಮಾತಿನ ನಡುವೆ ಎಷ್ಟು ಕ್ರಿಯೆ ಬೇಕು?

ಮೇಲಿನ ದೃಶ್ಯದಲ್ಲಿ 16 ಮಾತುಗಳಿಗೆ ನಾಲ್ಕು ಕಡೆ ಮಾತ್ರ ಕ್ರಿಯೆ ಬಂದಿದೆ, ‘ದನಿ ತಗ್ಗಿಸಿ’ ಎಂಬುದನ್ನು ಬಿಟ್ಟು. ಅಷ್ಟು ಸಾಕು. ಪ್ರತಿ ಸಾಲಿಗೂ ನಿಟ್ಟುಸಿರು, ಕಣ್ಣಂಚಿನ ಹನಿ, ನಡುಗುವ ಬೆರಳು ಸೇರಿಸಿದರೆ ಒಳಮಾತನ್ನು ನೀವೇ ಅನುವಾದ ಮಾಡಿಕೊಟ್ಟಂತೆ. ಕ್ರಿಯೆ ಆ ಕೆಲಸಕ್ಕೆ ಸೇರಿದ್ದೇ ಆಗಿರಲಿ. ಪುಡಿಯನ್ನು ತುಂಬಿ ಅರ್ಧ ವಾಪಸ್ ಸುರಿಯುವುದು ಕಡಿಮೆ ಬಟ್ಟೆಗೆ ಸರಿಯಾದ ಅಳತೆ, ಅದೇ ಹೊತ್ತಿಗೆ ಹಳೆಯ ರೂಢಿಯಲ್ಲಿ ಕೈ ಪೂರ್ತಿ ತುಂಬಿತ್ತು ಎಂಬುದೂ ಅದರಲ್ಲಿದೆ. ‘ನೋವಿನಿಂದ ಅಂದಳು’, ‘ಅರ್ಥಗರ್ಭಿತವಾಗಿ ನೋಡಿದ’ ಎಂಬಂಥವನ್ನು ತೆಗೆದುಬಿಡಿ. ತೆಗೆದ ಮೇಲೆ ಅರ್ಥ ನಿಲ್ಲದಿದ್ದರೆ ತಪ್ಪು ಸಂಭಾಷಣೆಯಲ್ಲಿದೆ.

ಓದುಗರಿಗೆ ಅರ್ಥವಾಗದೇ ಹೋದರೆ?

ಅರ್ಥವಾಗಬೇಕಾದ ಸಂಗತಿಯನ್ನು ದೃಶ್ಯದೊಳಗೆ ತುರುಕಬೇಡಿ, ಅದಕ್ಕೆ ಮುಂಚೆಯೇ ಬಿಡಿ. ಎರಡು ಪುಟ ಹಿಂದೆ, ವಸುಧಾ ಯಾವುದೋ ಅರ್ಜಿಯಲ್ಲಿ ಬೇರೆ ವಿಳಾಸ ತುಂಬಿದಳು ಎಂದು ಒಂದು ಒಣ ವಾಕ್ಯ ಸಾಕು, ವ್ಯಾಖ್ಯಾನ ಬೇಡ. ಅದನ್ನು ಓದಿದವರಿಗೆ ‘ಮೂರು ವಾರ’ ಎದೆಗೆ ನಾಟುತ್ತದೆ.

ಪರೀಕ್ಷೆಗೆ ಇಬ್ಬರಿಗೆ ಕೊಡಿ. ಒಬ್ಬರಿಗೆ ಬರೀ ದೃಶ್ಯ, ಇನ್ನೊಬ್ಬರಿಗೆ ಹಿಂದಿನ ಪುಟಗಳೂ ಸೇರಿ. ಇಬ್ಬರಿಗೂ ಎರಡೇ ಪ್ರಶ್ನೆ: ಜಗಳ ಯಾವುದರ ಬಗ್ಗೆ? ಮುಂದೆ ಏನಾಗುತ್ತದೆ? ಬರೀ ದೃಶ್ಯ ಓದಿದವರು ಮೊದಲ ಪ್ರಶ್ನೆಗೇ ‘ವಿಚ್ಛೇದನದ ಬಗ್ಗೆ’ ಎಂದರೆ ಬೆತ್ತಲೆ ಕರಡು ಇನ್ನೂ ಉಳಿದುಕೊಂಡಿದೆ. ‘ಬಟ್ಟೆಯ ಬಗ್ಗೆ, ಆದರೆ ಏನೋ ಸರಿಯಿಲ್ಲ’ ಎಂದರೆ ಸರಿಯಾಗಿದೆ. ಪೂರ್ತಿ ಓದಿದವರಿಗೂ ಎರಡನೇ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಹಿಂದಿನ ಆ ಒಣ ವಾಕ್ಯ ಸಾಲದು.

ಇಬ್ಬರಲ್ಲೊಬ್ಬರಿಗೆ ಒಳಮಾತು ಗೊತ್ತೇ ಇಲ್ಲದಿದ್ದರೆ ನಡೆಯುತ್ತದೆಯೇ?

ನಡೆಯುತ್ತದೆ, ಆದರೆ ಆಗ ದೃಶ್ಯದ ಜಾತಿಯೇ ಬದಲಾಗುತ್ತದೆ. ಮುರಳಿಗೆ ಏನೂ ಅನುಮಾನವಿಲ್ಲದಿದ್ದರೆ ಅವನ ಸಾಲುಗಳೆಲ್ಲ ಬರೀ ಬಟ್ಟೆ, ಅವಳವು ಮಾತ್ರ ಎರಡು ಪದರ. ಓದುಗರು ಅವಳ ಜೊತೆ ಸೇರಿ ಅವನನ್ನು ನೋಡುತ್ತಾರೆ, ಕನಿಕರವೋ ಸಿಟ್ಟೋ ಬರುತ್ತದೆ. ಇಬ್ಬರಿಗೂ ಗೊತ್ತಿದ್ದಾಗ ಸಿಗುವ ಬಿಗಿ ಸಿಗುವುದಿಲ್ಲ. ಅತಿ ಕಷ್ಟದ್ದು, ಸಾಧಿಸಿದರೆ ಅತಿ ಚೆನ್ನಾಗಿರುವುದು, ದೃಶ್ಯದ ನಡುವೆಯೇ ಒಬ್ಬರಿಗೆ ತಿಳಿಯುವ ಬಗೆ. ಆಗ ತಿಳಿದ ಸಾಲು ಯಾವುದು ಎಂದು ನೀವು ಬೆರಳಿಟ್ಟು ತೋರಿಸುವಂತಿರಬೇಕು, ಅದರ ಮುಂದಿನ ಅವನ ಸಾಲು ಮೊದಲಿನವುಗಳಿಗಿಂತ ಚಿಕ್ಕದಾಗಬೇಕು.

ಕೊನೆಗೆ ಮಾತು ಒಡೆದು ನಿಜ ಹೊರಬರಬೇಕೇ?

ಈ ದೃಶ್ಯದಲ್ಲಿ ಬೇಡ. ಒಡೆಯುವುದಿದ್ದರೆ ಕಥೆಯಲ್ಲಿ ಮುಂದೆ ಎಲ್ಲೋ, ಅದೂ ಸಂಬಂಧವಿಲ್ಲದ ಹೊತ್ತಿನಲ್ಲಿ, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಒಂದೇ ವಾಕ್ಯದಲ್ಲಿ ಒಡೆಯಲಿ. ಇಲ್ಲಿ ಮೇಲಿನ ಜಗಳ ಮುಗಿದ ಕೂಡಲೇ ನಿಲ್ಲಿಸಿ. ಮುಚ್ಚಳ ಬಿತ್ತು, ಅಂದರೆ ಶರ್ಟು ಒಳಗೆ ಹೋಗುವುದಿಲ್ಲ ಎಂದು ತೀರ್ಮಾನವಾಯಿತು. ಅದರ ನಂತರ ‘ಅವನು ಬಹಳ ಹೊತ್ತು ಅಲ್ಲೇ ನಿಂತಿದ್ದ’ ಎಂದು ಸೇರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಸೇರಿಸಿ, ಮರುದಿನ ಬೆಳಿಗ್ಗೆ ಓದಿ, ಹೊಡೆದು ಹಾಕಿ.